ಎರಡು ವಾಚ್ ಸೆಲ್, ಒಂದು ಮಲ್ಟಿಮೀಟರ್: ವೋಲ್ಟೇಜಿನಿಂದ ಎಂಟ್ರೊಪಿ, ಎಂಥಾಲ್ಪಿ ಅಳೆಯುವುದು ಹೇಗೆ?

ರಾಸಾಯನಿಕ ಕ್ರಿಯೆಯ ಶಾಖ ಅಳೆಯಬೇಕು ಅಂದರೆ ಕ್ಯಾಲೊರಿಮೀಟರ್ ಬೇಕು ಅಂತ ನಾವೆಲ್ಲ ಓದಿದ್ದೇವೆ. ಆದರೆ ಆ ಕ್ರಿಯೆ ಒಂದು ಸೆಲ್‌ನೊಳಗೆ ನಡೆಯುವಂಥದ್ದಾದರೆ ಕ್ಯಾಲೊರಿಮೀಟರ್ ಬೇಕಿಲ್ಲ. ಸೆಲ್ ಬಿಸಿಯಾದಾಗ ವೋಲ್ಟೇಜ್ ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ ಎಂದು ನೋಡಿದರೆ ಸಾಕು. ಎಂಟ್ರೊಪಿ ಬದಲಾವಣೆಯೂ ಸಿಗುತ್ತದೆ, ಎಂಥಾಲ್ಪಿ ಬದಲಾವಣೆಯೂ ಸಿಗುತ್ತದೆ.

ಇದಕ್ಕೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಡೇನಿಯಲ್ ಸೆಲ್ ತೋರಿಸುತ್ತವೆ. ಮನೆಯಲ್ಲೋ ಕಾಲೇಜಿನಲ್ಲೋ ಮಾಡಿ ನೋಡೋಕೆ ಅದು ಅಷ್ಟು ಒಳ್ಳೆಯ ಆಯ್ಕೆಯಲ್ಲ. ಅಲ್ಲಿ ಎರಡು ದ್ರಾವಣ, ನಡುವೆ ಸಾಲ್ಟ್ ಬ್ರಿಡ್ಜ್. ದ್ರಾವಣದ ಸಾಂದ್ರತೆ ಬದಲಾದರೆ ಉತ್ತರವೂ ಬದಲಾಗುತ್ತದೆ. ನನ್ನ ಆಯ್ಕೆ ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಗುವ ಸಿಲ್ವರ್ ಆಕ್ಸೈಡ್ ಬಟನ್ ಸೆಲ್. ಅದರೊಳಗಿನ ಕ್ರಿಯೆ ಇಷ್ಟೇ:

```
Zn + Ag2O → ZnO + 2Ag
```

ಗಮನಿಸಿ, ಇಲ್ಲಿರುವ ನಾಲ್ಕೂ ಘನವಸ್ತುಗಳು. ಒಳಗಿರುವ ಕ್ಷಾರದ ದ್ರಾವಣ ಕ್ರಿಯೆಯ ಸಮೀಕರಣಕ್ಕೆ ಬರುವುದೇ ಇಲ್ಲ. ಒಂದು ಕಡೆ ಖರ್ಚಾದ ಹೈಡ್ರಾಕ್ಸೈಡ್ ಇನ್ನೊಂದು ಕಡೆ ಹುಟ್ಟುತ್ತದೆ. ಹಾಗಾಗಿ ಸಾಂದ್ರತೆಯ ತಲೆನೋವಿಲ್ಲ. ಸಿಕ್ಕ ಉತ್ತರವನ್ನು ನೇರವಾಗಿ ಡೇಟಾ ಟೇಬಲ್‌ಗೆ ಹೋಲಿಸಿ ನೋಡಬಹುದು.

ಲೆಕ್ಕದ ಹಿಂದಿನ ಮಾತು

ಸೆಲ್ ಕೊಡಬಲ್ಲ ಗರಿಷ್ಠ ವಿದ್ಯುತ್ ಕೆಲಸವೇ ಗಿಬ್ಸ್ ಶಕ್ತಿಯ ಇಳಿಕೆ. ದ್ವಿತೀಯ ಪಿಯುಸಿಯಲ್ಲಿ ಬರುವ `ΔG = −nFE` ಹೇಳುವುದು ಇದನ್ನೇ. ಒತ್ತಡ ಬದಲಾಗದಿದ್ದರೆ, ಉಷ್ಣತೆ ಒಂದು ಡಿಗ್ರಿ ಏರಿದಾಗ ΔG ಎಷ್ಟು ಬದಲಾಗುತ್ತದೆ ಅನ್ನುವುದನ್ನು ಎಂಟ್ರೊಪಿ ಬದಲಾವಣೆ ΔS ತೀರ್ಮಾನಿಸುತ್ತದೆ, ಮೈನಸ್ ಚಿಹ್ನೆಯೊಂದಿಗೆ. ಎರಡನ್ನೂ ಸೇರಿಸಿದರೆ ಮೈನಸ್ಸುಗಳು ಹೊಡೆದುಹೋಗಿ ಇದು ಉಳಿಯುತ್ತದೆ:

```
ΔG = −nFE
ΔS = nF (dE/dT)
ΔH = ΔG + TΔS
```

ನಮ್ಮ ಕ್ರಿಯೆಯಲ್ಲಿ n = 2, ಯಾಕೆಂದರೆ ಒಂದು ಸತು ಪರಮಾಣು ಎರಡು ಎಲೆಕ್ಟ್ರಾನ್ ಬಿಡುತ್ತದೆ. F ಅಂದರೆ ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜ್, 96,485 ಕೂಲಂಬ್. ಅಂದರೆ nF = 1,92,970. ಕೆಲವರು ಕ್ರಿಯೆಯನ್ನು ಅರ್ಧ ಮಾಡಿ ಬರೆದು n = 1 ಹಾಕುತ್ತಾರೆ, ಅದೂ ಸರಿಯೇ. ಆಗ ಸಿಗುವ ΔS ಕೂಡ ಅರ್ಧವಾಗಿರುತ್ತದೆ. ಹೋಲಿಸುವಾಗ ಯಾವ ಸಮೀಕರಣಕ್ಕೆ ಲೆಕ್ಕ ಹಾಕಿದ್ದೀರಿ ಅನ್ನುವುದು ನೆನಪಿರಲಿ.

ಈ ಸಂಬಂಧ ಸಿಗುವ ಮೊದಲು ಜನ ಬೇರೆಯೇ ಅಂದುಕೊಂಡಿದ್ದರು. ಕ್ರಿಯೆಯಲ್ಲಿ ಹೊರಬರಬೇಕಾದ ಶಾಖವೆಲ್ಲ ಪೂರ್ತಿ ವಿದ್ಯುತ್ ಆಗುತ್ತದೆ ಅನ್ನುವುದು ಅವರ ಲೆಕ್ಕ. ಡೇನಿಯಲ್ ಸೆಲ್‌ನಲ್ಲಿ ಆ ಲೆಕ್ಕ ಹೆಚ್ಚುಕಡಿಮೆ ಸರಿ ಬಂದುಬಿಡುತ್ತದೆ, ಅದರಿಂದಲೇ ಗೊಂದಲ. ಉಷ್ಣತೆಯ ಜೊತೆ ಅದರ ವೋಲ್ಟೇಜ್ ಅಷ್ಟಾಗಿ ಬದಲಾಗುವುದಿಲ್ಲವಲ್ಲ! 1882ರಲ್ಲಿ ಹೆಲ್ಮ್‌ಹೋಲ್ಟ್ಸ್ ಉಷ್ಣತೆಯ ಪಾಲನ್ನು ಸೇರಿಸಿ ವಿಷಯ ಸರಿ ಮಾಡಿದರು.

ಕಷ್ಟ ಎಲ್ಲಿದೆ

ಡೇಟಾ ಟೇಬಲ್ ಪ್ರಕಾರ ಈ ಸೆಲ್‌ನ ವೋಲ್ಟೇಜ್ ಡಿಗ್ರಿಗೆ ಸುಮಾರು 0.18 ಮಿಲಿವೋಲ್ಟ್ ಇಳಿಯಬೇಕು. 40 ಡಿಗ್ರಿ ಬಿಸಿ ಮಾಡಿದರೂ ಬದಲಾವಣೆ ಬರೀ 7 ಮಿಲಿವೋಲ್ಟ್. ನಮ್ಮ ಹತ್ತಿರ ಇರುವ ಸಾಮಾನ್ಯ ಮೂರೂವರೆ ಅಂಕಿಯ ಮಲ್ಟಿಮೀಟರ್ 2 ವೋಲ್ಟ್ ರೇಂಜಿನಲ್ಲಿ 1 ಮಿಲಿವೋಲ್ಟ್‌ಗಿಂತ ಸಣ್ಣದನ್ನು ತೋರಿಸುವುದಿಲ್ಲ. ಏಳು ಮೆಟ್ಟಿಲ ಮೇಲೆ ಗ್ರಾಫ್ ಎಳೆದರೆ ಅದರಲ್ಲಿ ನಂಬಿಕೆ ಇಡೋಕಾಗುತ್ತಾ?

ಇದಕ್ಕೆ ದುಬಾರಿ ಮೀಟರ್ ಬೇಕಿಲ್ಲ, ಇನ್ನೊಂದು ಸೆಲ್ ಬೇಕು. ಒಂದೇ ಥರದ ಎರಡು ಸೆಲ್ ತೆಗೆದುಕೊಂಡು ಎದುರುಬದುರಾಗಿ ಜೋಡಿಸಬೇಕು. ಅಂದರೆ ಎರಡರ ಮೈನಸ್ ಬದಿಗಳನ್ನು ಒಂದು ತಂತಿಯಿಂದ ಸೇರಿಸಿ, ಎರಡು ಪ್ಲಸ್ ಬದಿಗಳ ನಡುವೆ ಮೀಟರ್ ಇಡಬೇಕು. ಒಂದರ 1.6 ವೋಲ್ಟನ್ನು ಇನ್ನೊಂದು ಹೊಡೆದುಹಾಕುತ್ತದೆ. ಉಳಿಯುವುದು ಕೆಲವೇ ಮಿಲಿವೋಲ್ಟ್. ಈಗ ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ತಿರುಗಿಸಿ. ಅದೇ ಮೀಟರ್ 0.1 ಮಿಲಿವೋಲ್ಟ್ ತೋರಿಸುತ್ತದೆ. ಒಂದು ಸೆಲ್ ಅನ್ನು ಒಂದೇ ಉಷ್ಣತೆಯಲ್ಲಿ ಇಟ್ಟು, ಇನ್ನೊಂದನ್ನು ಮಾತ್ರ ಬಿಸಿ ಮಾಡಿದರೆ ಕಾಣುವ ಬದಲಾವಣೆಯೆಲ್ಲ ಬಿಸಿಯಾದ ಸೆಲ್‌ನದ್ದೇ.

ಈ ಜೋಡಣೆಯಲ್ಲಿ ಇನ್ನೂ ಒಂದು ಲಾಭ ಇದೆ. ವ್ಯತ್ಯಾಸ ಕೆಲವು ಮಿಲಿವೋಲ್ಟ್ ಮಾತ್ರ ಆಗಿರುವುದರಿಂದ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಸೆಲ್ ಹೆಚ್ಚುಕಡಿಮೆ ಪೂರ್ತಿ ವಿಶ್ರಾಂತಿಯಲ್ಲಿರುತ್ತದೆ, ನಮಗೂ ಬೇಕಾದ್ದು ಅದೇ.

ತಂತಿಗಳಲ್ಲೇ ಉಷ್ಣತೆಯಿಂದ ವೋಲ್ಟೇಜ್ ಹುಟ್ಟುವುದಿಲ್ಲವಾ, ಥರ್ಮೋಕಪಲ್ ಥರ? ಒಳ್ಳೆಯ ಪ್ರಶ್ನೆ. ಎಲ್ಲ ತಂತಿಯೂ ತಾಮ್ರದ್ದೇ ಆಗಿದ್ದು, ಪ್ರತಿ ಸೆಲ್‌ನ ಎರಡು ಬದಿಯೂ ಒಂದೇ ಉಷ್ಣತೆಯಲ್ಲಿದ್ದರೆ ಆ ಪರಿಣಾಮಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ತಾಮ್ರದ ಜೊತೆ ಕಬ್ಬಿಣದ ತಂತಿ ಬೆರೆಸಬೇಡಿ. ಸೆಲ್ ಪೂರ್ತಿ ಮುಳುಗಿರಲಿ.

ಸೆಲ್ ತರುವಾಗ

SR44 ಅಂತ ಬರೆದಿರುವುದನ್ನೇ ಕೇಳಿ. 357 ಅಥವಾ 303 ಅಂತಲೂ ಬರುತ್ತದೆ. LR44 ಅಥವಾ AG13 ಬೇಡ. ಅಳತೆಯಲ್ಲಿ, ನೋಟದಲ್ಲಿ ಎರಡೂ ಒಂದೇ, ಅಂಗಡಿಯವರೂ ಒಂದರ ಬದಲು ಇನ್ನೊಂದು ಕೊಡುತ್ತಾರೆ. ಗಡಿಯಾರ ನಡೆಯೋಕೆ ಎರಡೂ ಆಗುತ್ತದೆ, ನಮ್ಮ ಲೆಕ್ಕಕ್ಕೆ ಆಗುವುದಿಲ್ಲ. LR ಸೆಲ್‌ನಲ್ಲಿರುವುದು ಮ್ಯಾಂಗನೀಸ್ ಡೈಆಕ್ಸೈಡ್. ಖರ್ಚಾದ ಹಾಗೆ ಅದರ ರಚನೆ ಬದಲಾಗುತ್ತಾ ಹೋಗುತ್ತದೆ, ವೋಲ್ಟೇಜೂ ಜಾರುತ್ತದೆ. ಯಾವ ಕ್ರಿಯೆಯ ಎಂಟ್ರೊಪಿ ಅಳೆಯುತ್ತಿದ್ದೇವೆ ಅನ್ನುವುದೇ ಆಗ ಮಸುಕಾಗಿಬಿಡುತ್ತದೆ. ಸಿಲ್ವರ್ ಆಕ್ಸೈಡ್ ಸೆಲ್ ಖಾಲಿಯಾಗುವವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಹಿಡಿದಿಡುತ್ತದೆ.

ಒಂದೇ ಪಟ್ಟಿಯಿಂದ ಎರಡು ಹೊಸ ಸೆಲ್ ತನ್ನಿ. ಪ್ರತಿಯೊಂದಕ್ಕೂ 10 ಕಿಲೋಓಮ್ ರೆಸಿಸ್ಟರ್ ಹಾಕಿ ಕೆಲವು ಗಂಟೆ ಬಿಡಿ, ಆಮೇಲೆ ರೆಸಿಸ್ಟರ್ ತೆಗೆದು ಒಂದು ರಾತ್ರಿ ಸುಮ್ನೆ ಇಡಿ. ಹೊಸ ಸೆಲ್‌ನಲ್ಲಿ ಕೆಲವೊಮ್ಮೆ ಬೆಳ್ಳಿಯ ಇನ್ನೊಂದು ಆಕ್ಸೈಡ್ ಆದ AgO ಸ್ವಲ್ಪ ಇರುತ್ತದೆ. ಅದು ವೋಲ್ಟೇಜನ್ನು ಮೇಲಕ್ಕೆ ಎಳೆಯುತ್ತದೆ. ಈ ಸಣ್ಣ ಖರ್ಚಿನಲ್ಲಿ ಅದು ಮುಗಿದುಹೋಗುತ್ತದೆ. ವಿಶ್ರಾಂತಿಯ ನಂತರ ವೋಲ್ಟೇಜ್ 1.55ರಿಂದ 1.61ರ ಒಳಗೆ ಇರಬೇಕು. 1.65ರ ಮೇಲೆ ನಿಂತಿದ್ದರೆ ಇನ್ನೂ AgO ಇದೆ ಅಂತ ಅರ್ಥ, ಇನ್ನಷ್ಟು ಹೊತ್ತು ರೆಸಿಸ್ಟರ್ ಹಾಕಿ.

ಜೋಡಣೆ

ಬಟನ್ ಸೆಲ್ಲನ್ನು ಹತ್ತಿರದಿಂದ ನೋಡಿ. ಚಪ್ಪಟೆಯಾದ ದೊಡ್ಡ ಮುಖ ಪ್ಲಸ್. ಅದೇ ಲೋಹ ಪಕ್ಕದಲ್ಲಿ ಇಳಿದು ಇನ್ನೊಂದು ಮುಖದ ಅಂಚಿನವರೆಗೂ ಮಡಚಿಕೊಂಡಿರುತ್ತದೆ. ನಡುವಿನ ಸಣ್ಣ ಟೊಪ್ಪಿ ಮಾತ್ರ ಮೈನಸ್. ಎರಡರ ಮಧ್ಯೆ ಇರುವುದು ದಾರದಷ್ಟು ಸಣ್ಣ ಪ್ಲಾಸ್ಟಿಕ್ ಉಂಗುರ. ಮೈನಸ್ಸಿಗೆ ಇಟ್ಟ ತಂತಿ ಒಂಚೂರು ಜಾರಿ ಅಂಚಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಆಮೇಲೆ ಆ ಸೆಲ್ ಚೇತರಿಸಿಕೊಳ್ಳೋಕೆ ಗಂಟೆಗಟ್ಟಲೆ ಕಾಯಬೇಕು. ಅದಕ್ಕೆ ಮೊದಲು ಅಂಚಿನ ಸುತ್ತ ಸೆಲ್ಲೋಟೇಪ್ ಅಂಟಿಸಿ, ಟೊಪ್ಪಿಯಷ್ಟೇ ಕಾಣುವಂತೆ ಬಿಡಿ. ಸಿಪ್ಪೆ ತೆಗೆದ ತಾಮ್ರದ ತಂತಿಯ ತುದಿಯನ್ನು ಚಪ್ಪಟೆ ಸುರುಳಿ ಮಾಡಿ ಎರಡು ಮುಖಕ್ಕೂ ಒತ್ತಿ, ಮೇಲೆ ಹಳೇ ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ಹಾಕಿ. ಬೆಸುಗೆ ಹಾಕೋಕೆ ಹೋಗಬೇಡಿ, ಬಿಸಿಗೆ ಒಳಗಿನ ಸೀಲ್ ಹಾಳಾಗುತ್ತದೆ.

ಸೆಲ್ಲನ್ನು ನೇರವಾಗಿ ನೀರಿಗೆ ಹಾಕುವ ಹಾಗಿಲ್ಲ. 1.6 ವೋಲ್ಟ್ ನೀರಿನ ಮೂಲಕ ಸೋರಿ, ಅಂಚು ತುಕ್ಕು ಹಿಡಿದು, ರೀಡಿಂಗ್ ಇಳಿಯುತ್ತಾ ಹೋಗುತ್ತದೆ. ಎಣ್ಣೆ ಬಳಸಿ. ಸಣ್ಣ ಸ್ಟೀಲ್ ಲೋಟದಲ್ಲಿ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಹಾಕಿ, ಸೆಲ್ ಮತ್ತು ಥರ್ಮಾಮೀಟರ್ ಎರಡನ್ನೂ ಅದರಲ್ಲಿ ಮುಳುಗಿಸಿ. ಲೋಟವನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ನಿಲ್ಲಿಸಿ. ಕೊಬ್ಬರಿ ಎಣ್ಣೆ ಬೇಡ, 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಿಬಿಡುತ್ತದೆ.

ಎರಡನೇ ಸೆಲ್ಲಿಗೂ ಇಂಥದ್ದೇ ಲೋಟ. ಅದನ್ನು ಒಂದು ಬಕೆಟ್ ನೀರಿನಲ್ಲಿ ಇಟ್ಟು, ಬಿಸಿ ಪಾತ್ರೆಯಿಂದ ದೂರ ಇಡಿ. ಬಕೆಟ್ ತುಂಬ ನೀರಿದ್ದರೆ ಉಷ್ಣತೆ ಬೇಗ ಬದಲಾಗುವುದಿಲ್ಲ. ಆದರೂ ಅಲ್ಲೊಂದು ಥರ್ಮಾಮೀಟರ್ ಇರಲಿ. ಅದು ಒಂದು ಡಿಗ್ರಿ ಜಾರಿದರೆ ನಿಮ್ಮ ರೀಡಿಂಗಿಗೆ 0.2 ಮಿಲಿವೋಲ್ಟ್‌ನಷ್ಟು ತಪ್ಪು ಸೇರುತ್ತದೆ.

ಮೀಟರಿನ ಕೆಂಪು ತಂತಿ ಬಿಸಿ ಮಾಡುವ ಸೆಲ್‌ನ ಪ್ಲಸ್ಸಿಗೆ, ಕಪ್ಪು ತಂತಿ ಬಕೆಟ್ಟಿನ ಸೆಲ್‌ನ ಪ್ಲಸ್ಸಿಗೆ. ಹೀಗೆ ಮಾಡಿದರೆ ಬಿಸಿ ಸೆಲ್‌ನ ವೋಲ್ಟೇಜ್ ಇಳಿದಾಗ ರೀಡಿಂಗೂ ಇಳಿಯುತ್ತದೆ. ಚಿಹ್ನೆಯಲ್ಲಿ ಗೊಂದಲ ಆಗುವುದಿಲ್ಲ. ಶುರು ಮಾಡುವ ಮೊದಲು ಮೀಟರಿನ ಎರಡು ತಂತಿ ಅದಲುಬದಲು ಮಾಡಿ ನೋಡಿ. ಅಂಕಿ ಅದೇ ಇದ್ದು ಚಿಹ್ನೆ ಮಾತ್ರ ತಿರುಗಬೇಕು. ಇಲ್ಲದಿದ್ದರೆ ಮೀಟರಿನ ಸೊನ್ನೆಯೇ ಸರಿಯಿಲ್ಲ.

ರೀಡಿಂಗ್ ತೆಗೆಯುವುದು

ಮೊದಲು ಐಸ್ ಹಾಕಿ 10 ಡಿಗ್ರಿಗೆ ತನ್ನಿ, ಅಲ್ಲಿಂದ ಹತ್ತತ್ತು ಡಿಗ್ರಿ ಮೇಲಕ್ಕೆ ಹೋಗಿ 50ಕ್ಕೆ ನಿಲ್ಲಿಸಿ. 60 ದಾಟಬಾರದು, ಸೆಲ್ ಸೋರಬಹುದು. ಪ್ರತಿ ಮೆಟ್ಟಿಲಲ್ಲೂ ಥರ್ಮಾಮೀಟರ್ ನಿಂತ ಕೂಡಲೇ ರೀಡಿಂಗ್ ಬರೆಯಬೇಡಿ. ಹೊರಗಿನ ಎಣ್ಣೆ ಬಿಸಿಯಾದರೂ ಸೆಲ್‌ನ ಒಳಗೆ ಸಮತೋಲನ ಬರೋಕೆ ಇನ್ನೂ ಹೊತ್ತು ಬೇಕು. ಐದು ನಿಮಿಷ 0.1 ಮಿಲಿವೋಲ್ಟೂ ಅಲುಗದೆ ನಿಂತಾಗ ಬರೆಯಿರಿ. ಸಾಮಾನ್ಯವಾಗಿ ಇದಕ್ಕೆ ಕಾಲು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ.

50 ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಕೆಳಗೂ ಬನ್ನಿ. ಇದನ್ನು ದಯವಿಟ್ಟು ಬಿಡಬೇಡಿ. ಹೋಗುವಾಗ ಮತ್ತು ಬರುವಾಗ ಒಂದೇ ಉಷ್ಣತೆಯಲ್ಲಿ ಒಂದೇ ರೀಡಿಂಗ್ ಬಂದರೆ ಮಾತ್ರ ಅದು ಸಮತೋಲನದ ವೋಲ್ಟೇಜ್. ಎರಡರ ನಡುವೆ ಅಂತರ ಇದ್ದು, ಜಾಸ್ತಿ ಹೊತ್ತು ಕಾದರೆ ಅದು ಕಮ್ಮಿಯಾಗುತ್ತದೆ ಅಂದರೆ ನಿಮ್ಮದು ಬರೀ ಅವಸರ. ಕಾದರೂ ಅಂತರ ಉಳಿದಿದೆ, ಒಂದೇ ದಿಕ್ಕಿಗೆ ಜಾರುತ್ತಿದೆ ಅಂದರೆ ಎಲ್ಲೋ ಸೋರಿಕೆ ಇದೆ ಅಥವಾ ಸೆಲ್ ತಾನಾಗೇ ಖರ್ಚಾಗುತ್ತಿದೆ. ಅಂಕಿ ನಿಲ್ಲದೆ ಕುಣಿಯುತ್ತಿದ್ದರೆ ತಂತಿಯ ಒತ್ತು ಸಡಿಲವಾಗಿದೆ.

ಒಂದು ಲೆಕ್ಕ

ಲೆಕ್ಕದ ದಾರಿ ತೋರಿಸಲು ಒಂದು ಮಾದರಿ ರೀಡಿಂಗ್ ಇಟ್ಟುಕೊಳ್ಳೋಣ. ಬಕೆಟ್ಟಿನ ಸೆಲ್ 25 ಡಿಗ್ರಿಯಲ್ಲಿದೆ ಅಂದುಕೊಳ್ಳಿ.

| ಉಷ್ಣತೆ (°C) | ವ್ಯತ್ಯಾಸ (ಮಿಲಿವೋಲ್ಟ್) |
|---|---|
| 10 | +2.9 |
| 20 | +1.2 |
| 30 | −0.6 |
| 40 | −2.3 |
| 50 | −4.1 |

25 ಡಿಗ್ರಿಯಲ್ಲಿ ವ್ಯತ್ಯಾಸ ಸೊನ್ನೆ ಇರಬೇಕಿತ್ತು ಅಲ್ವಾ? ಇಲ್ಲಿ ಅದು 0.3ರ ಹತ್ತಿರ ಬರುತ್ತದೆ. ಎರಡು ಸೆಲ್ ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ. ಇದಕ್ಕೆ ತಲೆಕೆಡಿಸಿಕೊಳ್ಳಬೇಡಿ. ನಮಗೆ ಬೇಕಾದ್ದು ಗೆರೆಯ ಇಳಿಜಾರು, ಅದು ಎಲ್ಲಿಂದ ಶುರುವಾಗುತ್ತದೆ ಅನ್ನುವುದಲ್ಲ.

ಇಳಿಜಾರು: 40 ಡಿಗ್ರಿಗೆ 7.0 ಮಿಲಿವೋಲ್ಟ್ ಇಳಿಕೆ, ಅಂದರೆ ಡಿಗ್ರಿಗೆ −0.175 ಮಿಲಿವೋಲ್ಟ್. ಐದೂ ಚುಕ್ಕಿಗೆ ಸರಿಹೊಂದುವ ಗೆರೆ ಎಳೆದರೂ ಇಷ್ಟೇ ಬರುತ್ತದೆ. ಆಮೇಲೆ ಒಂದೇ ಸೆಲ್ಲನ್ನು 25 ಡಿಗ್ರಿಯಲ್ಲಿಟ್ಟು 2 ವೋಲ್ಟ್ ರೇಂಜಿನಲ್ಲಿ ಅಳೆದಾಗ 1.590 ವೋಲ್ಟ್ ಸಿಕ್ಕಿತು ಅನ್ನೋಣ.

```
ΔG = −192970 × 1.590        = −306.8 kJ
ΔS =  192970 × (−0.000175)  =  −33.8 J/K
TΔS = 298.15 × (−33.8)      =  −10.1 kJ
ΔH = −306.8 + (−10.1)       = −316.9 kJ
```

ಇಳಿಜಾರನ್ನು ಮಿಲಿವೋಲ್ಟಿನಲ್ಲೇ ಹಾಕಿ ಗುಣಿಸುವುದು, ΔSನ ಜೂಲನ್ನು ΔGಯ ಕಿಲೋಜೂಲಿಗೆ ಕೂಡಿಸುವುದು: ಉತ್ತರ ಸಾವಿರ ಪಟ್ಟು ಎಡವಟ್ಟಾಗಿದ್ದರೆ ಮೊದಲು ಈ ಎರಡನ್ನು ನೋಡಿ. ಇಳಿಜಾರಿಗೆ ಸೆಲ್ಸಿಯಸ್ ಆದರೂ ಕೆಲ್ವಿನ್ ಆದರೂ ಒಂದೇ. TΔSನಲ್ಲಿ ಮಾತ್ರ ಕೆಲ್ವಿನ್ ಬೇಕೇ ಬೇಕು.

ಈಗ ಟೇಬಲ್‌ಗೆ ಹೋಲಿಸೋಣ. 25 ಡಿಗ್ರಿಯಲ್ಲಿ ಮೋಲಾರ್ ಎಂಟ್ರೊಪಿಗಳು: ZnO 43.65, Ag 42.55, Zn 41.63, Ag2O 121.3. ಬೆಳ್ಳಿಯನ್ನು ಎರಡು ಸಲ ಎಣಿಸಿ, ಬಲದಿಂದ ಎಡವನ್ನು ಕಳೆದರೆ ΔS = −34.2 ಬರುತ್ತದೆ. ರಚನಾ ಎಂಥಾಲ್ಪಿ ZnOಗೆ −350.5, Ag2Oಗೆ −31.1 ಕಿಲೋಜೂಲ್. ಹಾಗಾಗಿ ΔH = −319.4. ಈ ಎರಡರಿಂದ ΔG ಲೆಕ್ಕ ಹಾಕಿದರೆ ವೋಲ್ಟೇಜ್ ಸುಮಾರು 1.60 ಇರಬೇಕು.

ನಮ್ಮ ಮಾದರಿಯಲ್ಲಿ ಎಂಟ್ರೊಪಿ ಚೆನ್ನಾಗಿ ಕೂತಿದೆ, ಎಂಥಾಲ್ಪಿ ಎರಡೂವರೆ ಕಿಲೋಜೂಲ್ ಹಿಂದೆ ಬಿದ್ದಿದೆ. ಈ ತಪ್ಪು ಬಂದದ್ದು ಇಳಿಜಾರಿನಿಂದಲ್ಲ, 1.590 ಅನ್ನುವ ಅಂಕಿಯಿಂದ. ಅಗ್ಗದ ಮೀಟರಿನ ನಿಖರತೆ ಸಾಮಾನ್ಯವಾಗಿ ಅರ್ಧ ಶೇಕಡಾ. 1.6 ವೋಲ್ಟಿನಲ್ಲಿ ಅದು 8 ಮಿಲಿವೋಲ್ಟ್, ΔHನಲ್ಲಿ ಒಂದೂವರೆ ಕಿಲೋಜೂಲ್. ಅದೇ ಅರ್ಧ ಶೇಕಡಾ 7 ಮಿಲಿವೋಲ್ಟಿನ ಮೇಲೆ ಕೂತರೆ ಏನೂ ಅಲ್ಲ. ಎಂಟ್ರೊಪಿಯನ್ನು ಕೆಡಿಸುವುದು ಥರ್ಮಾಮೀಟರ್. 40 ಡಿಗ್ರಿಯ ಅಂತರದಲ್ಲಿ 1 ಡಿಗ್ರಿ ತಪ್ಪಿದರೆ ΔSನಲ್ಲಿ 0.8ರಷ್ಟು ವ್ಯತ್ಯಾಸ ಬರುತ್ತದೆ. ಥರ್ಮಾಮೀಟರನ್ನು ಕರಗುತ್ತಿರುವ ಐಸಿನಲ್ಲಿ ಒಮ್ಮೆ ಇಟ್ಟು ಸೊನ್ನೆ ಪರೀಕ್ಷಿಸಿಕೊಳ್ಳಿ. ΔH ಚೆನ್ನಾಗಿ ಬರಬೇಕು ಅಂದರೆ ಒಂದೇ ಒಂದು ರೀಡಿಂಗಿಗೆ ಕಾಲೇಜಿನ ಒಳ್ಳೆಯ ಮೀಟರ್ ಕೇಳಿ ಪಡೆಯಿರಿ.

ಒಳ್ಳೆಯ ಮೀಟರಿನಲ್ಲೂ ವೋಲ್ಟೇಜ್ ಕಮ್ಮಿಯೇ ಬಂದರೆ, ಸೆಲ್ ಪುಸ್ತಕದ ಸೆಲ್ ಅಲ್ಲ ಅನ್ನುವುದನ್ನು ನೆನಪಿಸಿಕೊಳ್ಳಿ. ಕೆಲವು ತಯಾರಕರು ಬೆಳ್ಳಿ ಉಳಿಸೋಕೆ ಸಿಲ್ವರ್ ಆಕ್ಸೈಡಿಗೆ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸುತ್ತಾರೆ. ಆಗ ಇಳಿಜಾರೂ ಸ್ವಲ್ಪ ಬದಲಾಗಬಹುದು.

ಚಿಹ್ನೆ ಹೇಳುವುದೇನು

ಈ ಸೆಲ್ಲನ್ನು ತೀರಾ ನಿಧಾನವಾಗಿ, ಏನೂ ವ್ಯರ್ಥವಾಗದ ಹಾಗೆ ಖರ್ಚು ಮಾಡಿದರೂ ಒಂದು ಮೋಲ್ ಸತುವಿಗೆ 10 ಕಿಲೋಜೂಲ್ ಶಾಖ ಹೊರಗೆ ಹೋಗಲೇಬೇಕು. ತಂತಿಯ ರೆಸಿಸ್ಟೆನ್ಸ್ ಕಮ್ಮಿ ಮಾಡಿ ಇದನ್ನು ತಪ್ಪಿಸೋಕಾಗದು. ಇದು ಕ್ರಿಯೆಯ ಎಂಟ್ರೊಪಿ ಕಟ್ಟಬೇಕಾದ ಬಾಕಿ. ಜೋರಾಗಿ ಕರೆಂಟ್ ಎಳೆದಾಗ ಬರುವ ಬಿಸಿ ಇದರ ಮೇಲೆ ಸೇರುವ ಬೇರೆ ಲೆಕ್ಕ.

ಇಳಿಜಾರು ಪ್ಲಸ್ ಇರುವ ಸೆಲ್‌ಗಳೂ ಇವೆ, ಅಲ್ಲಿ ಮಜಾ ಜಾಸ್ತಿ. ಬೆಳ್ಳಿ ಮತ್ತು ಕ್ಯಾಲೊಮೆಲ್ ಸೆಲ್ ತೆಗೆದುಕೊಳ್ಳಿ: `Ag + ½Hg2Cl2 → AgCl + Hg`. 25 ಡಿಗ್ರಿಯಲ್ಲಿ ಇದರ ವೋಲ್ಟೇಜ್ ಬರೀ 45.5 ಮಿಲಿವೋಲ್ಟ್, ಇಳಿಜಾರು ಡಿಗ್ರಿಗೆ +0.338 ಮಿಲಿವೋಲ್ಟ್. n = 1 ಹಾಕಿದರೆ ΔG = −4.4, TΔS = +9.7, ಹಾಗಾಗಿ ΔH = +5.3 ಕಿಲೋಜೂಲ್. ಅಂದರೆ ಈ ಕ್ರಿಯೆ ಶಾಖವನ್ನು ಒಳಗೆ ಎಳೆದುಕೊಳ್ಳುತ್ತದೆ, ಆದರೂ ತಾನಾಗಿ ನಡೆದು ವಿದ್ಯುತ್ ಕೊಡುತ್ತದೆ. ಕೊಡುವ ವಿದ್ಯುತ್ತಿನ ಶಕ್ತಿಯೂ ಸುತ್ತಲಿನ ಶಾಖದಿಂದಲೇ ಬಂದದ್ದು. ಇದರಲ್ಲಿ ಪಾದರಸ ಇರುವುದರಿಂದ ಮನೆಯಲ್ಲಿ ಮಾಡಬೇಡಿ, ಕಾಗದದ ಮೇಲಿನ ಲೆಕ್ಕ ಸಾಕು.

ಹಳೇ ಮೊಬೈಲಿನ ಲಿಥಿಯಂ ಅಯಾನ್ ಬ್ಯಾಟರಿಗೂ ಇದೇ ವಿಧಾನ ನಡೆಯುತ್ತದೆ, ಆದರೆ ಒಂದು ಷರತ್ತು. ಅಲ್ಲಿ ವೋಲ್ಟೇಜ್ ಚಾರ್ಜಿನ ಮಟ್ಟದ ಜೊತೆ ಬದಲಾಗುತ್ತದೆ, ಇಳಿಜಾರೂ ಬದಲಾಗುತ್ತದೆ, ಕೆಲವು ಮಟ್ಟಗಳಲ್ಲಿ ಚಿಹ್ನೆಯೇ ತಿರುಗಬಹುದು. ಹಾಗಾಗಿ 80 ಶೇಕಡಾದಲ್ಲಿ ಒಂದು ಸಲ, 60ರಲ್ಲಿ ಒಂದು ಸಲ ಅಂತ ಪ್ರತಿ ಮಟ್ಟಕ್ಕೂ ಬೇರೆ ಬೇರೆ ಅಳೆಯಬೇಕು. ಪ್ರತಿ ಸಲ ಚಾರ್ಜ್ ಬದಲಿಸಿದ ಮೇಲೆ ವೋಲ್ಟೇಜ್ ನಿಲ್ಲೋಕೆ ಗಂಟೆಗಟ್ಟಲೆ ಬಿಡಬೇಕು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಬಿಸಿ ಎಣ್ಣೆಯ ಹತ್ತಿರವೂ ತರಬೇಡಿ. ಬಟನ್ ಸೆಲ್‌ಗಳನ್ನು ಕೆಲಸ ಮುಗಿದ ಕೂಡಲೇ ಎರಡೂ ಮುಖಕ್ಕೆ ಟೇಪ್ ಹಾಕಿ ಡಬ್ಬಿಯಲ್ಲಿ ಮುಚ್ಚಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದು ಬಹಳ ಮುಖ್ಯ. ನುಂಗಿದ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡುತ್ತದೆ. ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.